ದೀಪ ಹಚ್ಚುವ ಹೊತ್ತಿನ ರೆಂಡರ್

ಕೋಪದ ಕೈಗೆ ಬುದ್ಧಿ ಕೊಡಬೇಡ ಎಂದು ನಮ್ಮಮ್ಮ ನನಗೆ ಹೇಳುತ್ತಲೇ ಬಂದಿದ್ದಾಳೆ. ನಾನು ಕೊಡುತ್ತಲೇ ಬಂದಿದ್ದೇನೆ. ಅಬ್ಬಿಗೆರೆ ಲಕ್ಕಣ್ಣನವರ ವಿಷಯದಲ್ಲಿ ಕೊಟ್ಟದ್ದು ಮಾತ್ರ ಇವತ್ತಿಗೂ ಚುಚ್ಚುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಪದ್ಮಶ್ರೀ. ಬ್ಯಾಟರಾಯನಪುರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಸಂಯುಕ್ತಾ ಅನ್ನುವವರ ಇಂಟೀರಿಯರ್ ಡಿಸೈನ್ ಆಫೀಸಿದೆ. ಅಲ್ಲಿ ನಾನು ಇನ್ನೂ ಆಗದ ಕೋಣೆಗಳ ಚಿತ್ರ ಮಾಡುತ್ತೇನೆ. ಗೋಡೆಗೆ ಬಣ್ಣ ಬಿದ್ದಿರುವುದಿಲ್ಲ, ಸೋಫಾ ಬಂದಿರುವುದಿಲ್ಲ, ಆದರೂ ಗಿರಾಕಿಗೆ ತನ್ನ ಹಾಲ್ ನಾಳೆ ಹೀಗಿರುತ್ತದೆ ಎಂದು ಫೋಟೊದ ಹಾಗೆ ತೋರಿಸಬೇಕು. ಅದಕ್ಕೆ ರೆಂಡರ್ ಅನ್ನುತ್ತೇವೆ. ಮೊದಲು ಒಂದು ರೆಂಡರಿಗೆ ನಾಲ್ಕು ದಿನ ಹಿಡಿಯುತ್ತಿತ್ತು. ಈಗ ಬರಿ ಗೋಡೆ, ಕಿಟಕಿ, ಕುರ್ಚಿಗಳ ಬೂದು ಬಣ್ಣದ ಮಾದರಿಯನ್ನು ಎಐಗೆ ಕೊಟ್ಟು, ಹೇಗಿರಬೇಕೆಂದು ನಾಲ್ಕು ಸಾಲು ಬರೆದರೆ ಅರ್ಧ ಗಂಟೆಯಲ್ಲಿ ಚಿತ್ರ ಬರುತ್ತದೆ. ಆ ನಾಲ್ಕು ಸಾಲಿಗೇ ಪ್ರಾಂಪ್ಟ್ ಎಂದು ಹೆಸರು. ಕೆಲಸ ಸುಲಭವಾಯಿತು ಎಂದು ಜನ ಅಂದುಕೊಂಡಿದ್ದಾರೆ. ಹೇಳಿದ್ದನ್ನು ಬಿಟ್ಟು ಬೇರೆಲ್ಲ ಮಾಡುವ ಯಂತ್ರದ ಜೊತೆ ಏಗಿದವರಿಗೆ ಗೊತ್ತು ಅದರ ಸುಖ.

ಲಕ್ಕಣ್ಣನವರಿಗೆ ಎಪ್ಪತ್ತೊಂದು. ಅಬ್ಬಿಗೆರೆ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವರು. ಹಿಂದೆ ರಾಗಿ ಬೆಳೆದ ಜಾಗದಲ್ಲಿ ಈಗ ಮೂರು ಅಂತಸ್ತಿನ ಮನೆ ಏಳುತ್ತಿತ್ತು. ಅಡುಗೆಮನೆ ಸೊಸೆಯ ಇಷ್ಟದಂತೆ, ಮಹಡಿಯ ಕೋಣೆಗಳು ಮೊಮ್ಮಕ್ಕಳ ಇಷ್ಟದಂತೆ, ಮಿಕ್ಕಿದ್ದೆಲ್ಲ ಮಗ ನಾಗೇಶ್ ಇಷ್ಟದಂತೆ. ಲಕ್ಕಣ್ಣನವರು ಕೇಳಿಕೊಂಡದ್ದು ಹಾಲ್ ಒಂದನ್ನೇ. ಅಲ್ಲಿ ಉತ್ತರಕ್ಕೆ ಒಂದು ದೊಡ್ಡ ಕಿಟಕಿ, ಕಿಟಕಿಯ ಎದುರು ಅವರ ಮರದ ಆರಾಮ ಕುರ್ಚಿ, ಕುರ್ಚಿಯ ಪಕ್ಕ ಒಂದು ದೀಪ.

ಮೊದಲ ಸಲ ಆಫೀಸಿಗೆ ಬಂದಾಗ ಅವರು ನನ್ನ ಮೇಜಿನ ಮುಂದೆ ಕೂತು, ಹೊರಗೆ ಹಾಕಿಕೊಳ್ಳುವ ಕಪ್ಪು ಕನ್ನಡಕವನ್ನು ಮಡಚಿ ಜೇಬಿಗಿಟ್ಟುಕೊಂಡರು.

"ನಂಗೆ ಜಾಸ್ತಿ ಏನೂ ಬ್ಯಾಡ ಕಣಮ್ಮ. ದೀಪ ಅಚ್ಚೋ ವತ್ನಾಗೆ ಮನೆ ಎಂಗಿರ್ತೈತೋ ಅಂಗಿರ್ಬೇಕು. ಅಷ್ಟೇ."

ನಾನು ತಲೆಯಾಡಿಸಿ ಪುಸ್ತಕದಲ್ಲಿ 'ದೀಪ, ಸಂಜೆ, ಬೆಚ್ಚಗೆ' ಎಂದು ಗೀಚಿಕೊಂಡೆ. ಅವರು ಹೇಳಿದ್ದರಲ್ಲಿ ಅರ್ಧವನ್ನು ಅಲ್ಲೇ ಕೈಬಿಟ್ಟಿದ್ದೆ. ಅದು ಗೊತ್ತಾದದ್ದು ಹತ್ತು ದಿನದ ಮೇಲೆ.

ಬೆಚ್ಚಗಿನ, ಆಪ್ತವಾದ, ಹೊಂಬಣ್ಣದ ಸಂಜೆ ಎಂದು ಪ್ರಾಂಪ್ಟಿನಲ್ಲಿ ಬರೆದೆ. ಇಂಥ ಪದ ಕಂಡರೆ ಯಂತ್ರಕ್ಕೆ ಹಬ್ಬ. ಚಾವಣಿ, ನೆಲ, ಪರದೆ, ಕಿಟಕಿಯಾಚೆಯ ಆಕಾಶ, ಎಲ್ಲಕ್ಕೂ ಜೇನುತುಪ್ಪ ಸುರಿಯಿತು. ಉತ್ತರದ ಕಿಟಕಿಯಿಂದ ಬಿಸಿಲುಕೋಲು ಬೇರೆ ಬಂದಿತ್ತು. ಉತ್ತರದ ಕಿಟಕಿಗೆ ಸಂಜೆ ಬಿಸಿಲು ಎಲ್ಲಿಂದ ಬರಬೇಕು?

"ಅರಿಶಿನದ ನೀರ್ನಾಗೆ ಅದ್ದಿದಂಗೈತೆ," ಎಂದು ಲಕ್ಕಣ್ಣನವರು ವಾಟ್ಸಾಪಿನಲ್ಲಿ ದನಿ ಕಳಿಸಿದರು. ನ್ಯಾಯವಾದ ಮಾತೇ.

ಎರಡನೆಯದರಲ್ಲಿ ಹಳದಿ ಕಡಿಮೆ ಮಾಡಿದೆ, ಆದರೂ ಅರಿಶಿನವೇ. ಮೂರನೆಯದರಲ್ಲಿ ತಂಪಾದ ಹಗಲು ಬೆಳಕು ಎಂದು ಬರೆದೆ. ಹಾಲ್ ಹಿಟ್ಟಿನ ಹಾಗೆ ಬಿಳುಚಿಕೊಂಡಿತು, ದೀಪ ಉರಿಯುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. "ಆಸ್ಪತ್ರೆ," ಎಂದರು. ನಾಲ್ಕನೆಯದಕ್ಕೆ ಜಾಣತನ ತೋರಿಸಲು ಹೋಗಿ, ದೀಪಕ್ಕೆ ಎರಡು ಸಾವಿರದ ಏಳುನೂರು ಕೆಲ್ವಿನ್, ಹಗಲಿಗೆ ಆರು ಸಾವಿರದ ಐನೂರು ಎಂದು ಅಂಕಿ ಕೊಟ್ಟೆ. ಬೆಳಕಿನ ಬಣ್ಣವನ್ನು ಅಳೆಯುವುದು ಹಾಗೆ. ಅಂಕಿ ಚಿಕ್ಕದಾದಷ್ಟೂ ಹಳದಿ, ದೊಡ್ಡದಾದಷ್ಟೂ ನೀಲಿ. ಆದರೆ ಯಾವ ಬೆಳಕು ಎಲ್ಲಿಂದ ಬಂದು ಎಲ್ಲಿಗೆ ನಿಲ್ಲಬೇಕು ಎಂದು ಹೇಳಲಿಲ್ಲ. ಯಂತ್ರಕ್ಕೆ ಅಂಕಿಯ ಗೊಡವೆ ಅಷ್ಟಿಲ್ಲ. ಗೋಡೆಯ ನಡುವೆ ಗೆರೆ ಎಳೆದ ಹಾಗೆ ಒಂದು ಕಡೆ ನೀಲಿ, ಒಂದು ಕಡೆ ಕಿತ್ತಳೆ ಬಳಿದು ಕೊಟ್ಟಿತು.

"ಅರ್ಧ ಮನೆ ಫ್ರಿಜ್ಜು, ಅರ್ಧ ಮನೆ ಒಲೆ," ಎಂದರು.

ಐದನೆಯದರಲ್ಲಿ ನಾನು ಸೋತು, ಬೆಚ್ಚಗಿನದೂ ತಣ್ಣನೆಯದೂ ಸಮವಾಗಿ ಬೆರೆತ ಬೆಳಕು ಎಂದು ಬರೆದೆ. ಯಂತ್ರ ಎರಡನ್ನೂ ಕಲಸಿ ಕೆನೆಬಣ್ಣದ ಒಂದು ಹಾಲ್ ಕೊಟ್ಟಿತು. ಕಿಟಕಿಯ ಹತ್ತಿರ ನೋಡಿದರೂ ಅದೇ ಕೆನೆ, ದೀಪದ ಹತ್ತಿರ ನೋಡಿದರೂ ಅದೇ ಕೆನೆ. ತಪ್ಪು ಹುಡುಕಲು ಏನೂ ಇರಲಿಲ್ಲ. ನನಗೂ ಹಾಯೆನಿಸಿತು. ಮಂಗಳವಾರ ಮಧ್ಯಾಹ್ನ ಕಳಿಸಿದೆ.

"ಅಳದಿ ಜಾಸ್ತಿ ಆಯ್ತು ಕಣಮ್ಮ."

ಇಷ್ಟು ಹೊತ್ತಿಗೆ ನನ್ನ ತಲೆ ಕಾದ ಹೆಂಚಾಗಿತ್ತು. ಸೋಮವಾರ ಎಲೆಕ್ಟ್ರಿಷಿಯನ್ ಲಾಲ್ ಸಾಬ್ ಗೋಡೆ ಕೊರೆದು ವೈರಿನ ಪೈಪು ಹಾಕುವವರಿದ್ದರು. ಯಾವ ದೀಪ ಎಲ್ಲಿ ಎಂದು ಶನಿವಾರದೊಳಗೆ ತೀರ್ಮಾನವಾಗಬೇಕು. ಲಕ್ಕಣ್ಣನವರು ಚಿತ್ರ ನೋಡುವ ಟ್ಯಾಬಿನಲ್ಲಿ ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್ ಏನಾದರೂ ಆನ್ ಆಗಿದೆಯೇ ಎಂದು ನಾಗೇಶನಿಗೆ ಫೋನ್ ಮಾಡಿ ನೋಡಿಸಿದೆ. ಇರಲಿಲ್ಲ. ಆಗ ನಮ್ಮ ಕಸುಬಿನವರು ಗುಟ್ಟಾಗಿ ಮಾಡುವ ಒಂದು ಕಿತಾಪತಿ ನೆನಪಾಯಿತು. ಗಿರಾಕಿ ತೀರಾ ತಲೆ ತಿಂದರೆ ಬೇಡವೆಂದ ಚಿತ್ರವನ್ನೇ ಹೆಸರು ಬದಲಿಸಿ ಮತ್ತೆ ಕಳಿಸುವುದು. ನೂರಕ್ಕೆ ಎಂಬತ್ತು ಮಂದಿ "ಹಾ, ಈಗ ಸರಿಹೋಯ್ತು" ಅನ್ನುತ್ತಾರೆ.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಐದನೇ ಚಿತ್ರಕ್ಕೆ ಆರು ಎಂದು ಹೆಸರಿಟ್ಟು ಕಳಿಸಿದೆ. ಹತ್ತೇ ನಿಮಿಷದಲ್ಲಿ ದನಿ ಬಂತು.

"ಇದು ಬೋ ನೀಲಿ ಆಯ್ತಲ್ಲಮ್ಮ. ನೆನ್ನೇದಕ್ಕಿಂತ ತಣ್ಣಗೈತೆ."

ನಾನು ಜೋರಾಗಿ ನಕ್ಕೆ. ನಕ್ಕು ಸುಮ್ಮನಾಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ನಾಗೇಶನಿಗೆ ಫೋನ್ ಮಾಡಿ, "ಸರ್, ಎರಡೂ ಒಂದೇ ಫೋಟೊ. ನೆನ್ನೆ ಹಳದಿ ಅಂದ್ರು, ಇವತ್ತು ನೀಲಿ ಅಂತಾರೆ. ನಾನೇನ್ ಮಾಡ್ಲಿ ಹೇಳಿ," ಎಂದು ದೂರು ಹೇಳಿದೆ.

"ಹೌದಾ? ಒಂದೇ ಫೋಟೊನಾ? ಸರಿ ಬಿಡಿ ಮೇಡಂ. ಶನಿವಾರ ಸೈಟಿಗೆ ಬನ್ನಿ, ನಾನೇ ಡಿಸೈಡ್ ಮಾಡ್ತೀನಿ," ಎಂದ ನಾಗೇಶ್. ನನ್ನ ಪಾಲಿಗೆ ಕೆಲಸ ಮುಗಿಯಿತು ಅಂದುಕೊಂಡೆ.

ಶನಿವಾರ ಮೂರೂವರೆಗೆ ಗಂಗಮ್ಮ ಗುಡಿ ಸರ್ಕಲ್, ಕಮ್ಮಗೊಂಡನಹಳ್ಳಿ ಮೇಲೆ ಸ್ಕೂಟರಿನಲ್ಲಿ ಧೂಳು ಕುಡಿಯುತ್ತ ಅಬ್ಬಿಗೆರೆ ಸೇರಿದೆ. ಹಾಲ್‌ಗೆ ಪ್ಲಾಸ್ಟರಿಂಗ್ ಮುಗಿದು ಒಂದು ಕೋಟ್ ಬಿಳಿ ಪ್ರೈಮರ್ ಬಿದ್ದಿತ್ತು. ಮೂರು ಪ್ಲಾಸ್ಟಿಕ್ ಕುರ್ಚಿ. ಲಾಲ್ ಸಾಬ್ ಚಾಕ್‌ಪೀಸ್ ಹಿಡಿದು ಗೋಡೆಯ ಹತ್ತಿರ ನಿಂತಿದ್ದರು. ಲಕ್ಕಣ್ಣನವರು ಕಿಟಕಿಯ ಎದುರಿಗೇ ಕೂತಿದ್ದರು, ಮಡಿಕೆ ಮುರಿಯದ ಬಿಳಿ ಪಂಚೆ ಉಟ್ಟು, ಪರೀಕ್ಷೆಗೆ ಬಂದವರ ಹಾಗೆ. ಅವರ ಹೆಂಡತಿ ಗಂಗರತ್ನಮ್ಮ ಫ್ಲಾಸ್ಕಿನಿಂದ ನನಗೆ ಕಾಫಿ ಬಗ್ಗಿಸಿ ಕೊಟ್ಟರು.

ನಾಗೇಶ್ ಸುತ್ತು ಬಳಸಲಿಲ್ಲ. ಟ್ಯಾಬ್ ತೆಗೆದು ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ಅಪ್ಪನ ಮುಂದೆ ಹಿಡಿದ.

"ಅಪ್ಪ, ಇದು ಮಂಗಳವಾರದ್ದು, ಇದು ಬುಧವಾರದ್ದು. ಏನ್ ಡಿಫರೆನ್ಸ್ ಇದೆ ಹೇಳು."

ಲಕ್ಕಣ್ಣನವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಎಲ್ಡೂ ಒಂದೇ ಅಂಗೆ ಕಾಣ್ತೈತೆ."

"ಒಂದೇ ಅಪ್ಪ. ಮೇಡಂ ಅದನ್ನೇ ಎರಡು ಸಲ ಕಳ್ಸಿದ್ರು, ಟೆಸ್ಟ್ ಮಾಡೋಕೆ. ನೀನು ಒಂದಿನ ಹಳದಿ ಅಂದೆ, ಒಂದಿನ ನೀಲಿ ಅಂದೆ."

ಟೆಸ್ಟ್ ಮಾಡೋಕೆ ಎಂದು ನಾನು ಹೇಳಿರಲಿಲ್ಲ. ಆದರೆ ಮಾಡಿದ್ದು ಅದನ್ನೇ ಅಲ್ಲವೇ?

"ಅದಕ್ಕೇ ಹೇಳ್ತಿರೋದು. ಹಾಲ್ ಪೂರ್ತಿ ಫಾಲ್ಸ್ ಸೀಲಿಂಗ್ ಮಾಡ್ಸಿ ವೈಟ್ ಎಲ್‌ಇಡಿ ಹಾಕ್ಸಿಬಿಡೋಣ. ಶೋರೂಂ ಥರ ಜಗಮಗ ಇರುತ್ತೆ. ಆ ಲ್ಯಾಂಪು, ಕುರ್ಚಿ ಎಲ್ಲ ಮೇಲಿನ ರೂಮಲ್ಲಿ ಇಟ್ಕೊಳ್ಳಪ್ಪ. ಇನ್ಮೇಲೆ ಈ ಮನೆ ತಲೆಬಿಸಿ ನಿಂಗೆ ಬೇಡ. ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಎಪ್ಪತ್ತಾಯ್ತು."

ತಮಾಷೆಯಾಗಿಯೇ ಹೇಳಿದ. ನಾಗೇಶ್ ಕೆಟ್ಟವನಲ್ಲ. ಅಪ್ಪನ ಹೆಗಲ ಮೇಲೆ ಕೈಯಿಟ್ಟೇ ಹೇಳಿದ. ಆದರೆ ಲಕ್ಕಣ್ಣನವರು ನಗಲಿಲ್ಲ, ಬಯ್ಯಲೂ ಇಲ್ಲ. ತಪ್ಪು ಒಪ್ಪಿಕೊಂಡವರ ಹಾಗೆ ಪಂಚೆಯ ಅಂಚನ್ನು ಬೆರಳಲ್ಲಿ ಸುತ್ತುತ್ತ ಕೂತರು. "ನಿಂಗೆ ಎಂಗೆ ಬೇಕೋ ಅಂಗೆ ಮಾಡು," ಎಂದರು.

ನಾಗೇಶ್ ಲಾಲ್ ಸಾಬರನ್ನು ಕರೆದುಕೊಂಡು ಚಾವಣಿಯ ಲೆಕ್ಕ ಹೇಳಲು ಆಚೆ ಗೋಡೆಗೆ ಹೋದ. ಲಕ್ಕಣ್ಣನವರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ನೀನು ಓದ್ದೋಳು. ನಿಜ ಏಳಮ್ಮ. ನಂಗೆ ತಲೆ ಕೆಡ್ತಾ ಐತಾ? ನಮ್ಮಪ್ಪಂಗೂ ಕೊನೆಗೆ ಇಂಗೇ ಆಗಿತ್ತು. ಮಕ್ಕಳ ಎಸ್ರೇ ಗೊತ್ತಾಗ್ತಿರ್ಲಿಲ್ಲ."

ಒಬ್ಬ ಮನುಷ್ಯ ತನ್ನ ಬುದ್ಧಿಯನ್ನೇ ಅನುಮಾನಿಸುವಂತೆ ಮಾಡಿ, ಅವನ ಮನೆಯಲ್ಲೇ ಕೂತು ಅವನ ಕಾಫಿ ಕುಡಿಯುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಗಂಗರತ್ನಮ್ಮ ಕೈಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದರು. "ತಲೆ ಎತ್ರಿ," ಎಂದು ಗಂಡನ ಬಲಗಣ್ಣಿಗೆ ಎರಡು ತೊಟ್ಟು ಔಷಧಿ ಬಿಟ್ಟರು. ಆ ಕಣ್ಣಿಗೆ ಪೊರೆ ತೆಗೆಸಿ ಮೂರು ವಾರವಾಗಿತ್ತು. ಎಡಗಣ್ಣಿನದು ಇನ್ನೂ ಬಾಕಿ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ, ನನಗೂ. ಲಕ್ಕಣ್ಣನವರು ಬಲಗಣ್ಣನ್ನು ಮುಚ್ಚಿ ಹಿಡಿದುಕೊಂಡು, ಎಡಗಣ್ಣಲ್ಲಿ ತಮ್ಮ ಮಡಿಲನ್ನು ನೋಡಿಕೊಂಡರು.

"ಏನ್ ಪಂಚೆ ಒಗೀತೀಯೋ. ಕೆಮ್ಮಣ್ಣು ಇಡ್ದಂಗೈತೆ."

ಗಂಗರತ್ನಮ್ಮನವರಿಗೆ ರೇಗಿತು. "ಕೇಳಮ್ಮ ಇವ್ರ ಮಾತ್ನ. ಬೆಳಿಗ್ಗೆ ಉಟ್ಕಳಾವಾಗ ನೀಲಿ ಜಾಸ್ತಿ ಆಕಿದ್ದೀಯ ಅಂತ ಬೈದ್ರು. ಈಗ ಅದೇ ಪಂಚೆ ಒಗ್ದೇ ಇಲ್ಲ ಅಂತಾರೆ. ಮೂರು ವಾರದಿಂದ ದಿನಾ ಇದೇ ಗೋಳು. ಔಸ್ದಿ ಬಿಟ್ಟಾಗೆಲ್ಲ ಪಂಚೆ ಕೊಳೆ ಆಗ್ಬಿಡ್ತೈತೆ ಇವ್ರಿಗೆ."

ನಾನು ಲೋಟ ಕೆಳಗಿಟ್ಟೆ.

ಹನ್ನೆರಡು ವರ್ಷದಿಂದ ಬಣ್ಣದ ಜೊತೆ ಬದುಕುತ್ತಿದ್ದೇನೆ. ಹಳೆಯ ಪರದೆಯಲ್ಲಿ ಬಿಳಿ ಹಳದಿಯಾಗುತ್ತದೆ, ಹೊಸ ಪರದೆ ತಂದ ದಿನ ಅದೇ ಬಿಳಿ ನೀಲಿಯೆನಿಸುತ್ತದೆ ಎಂದು ಗೊತ್ತು. ವಾರಕ್ಕೊಮ್ಮೆ ನನ್ನ ಎರಡು ಪರದೆಗಳ ಬಣ್ಣ ಹೊಂದಿಸುತ್ತೇನೆ. ಆದರೆ ಎದುರಿಗೆ ಕೂತ ಮನುಷ್ಯನಿಗೆ ಒಂದು ಹಳೆಯ ಕಣ್ಣು, ಒಂದು ಹೊಸ ಕಣ್ಣು ಇದೆಯೆಂಬುದು ಹೊಳೆಯಲಿಲ್ಲ.

"ಯಜಮಾನ್ರೇ, ಚಿತ್ರ ನೀವು ಯಾವಾಗ ನೋಡಿದ್ರಿ? ಮಂಗಳವಾರದ್ದು?"

"ಮದ್ಯಾನ. ಇವ್ಳು ಔಸ್ದಿ ಬಿಟ್ಟಿದ್ಲು, ಸುಮ್ನೆ ಕೂತಿದ್ದೆ, ನೋಡ್ದೆ."

"ಬುಧವಾರದ್ದು?"

"ಬೆಳಿಗ್ಗೆ, ತಿಂಡಿ ತಿಂದ್ಮೇಲೆ."

ನಾನು ಲ್ಯಾಪ್‌ಟಾಪ್ ತೆರೆದು ಆ ಕೆನೆಬಣ್ಣದ ಹಾಲ್ ತೋರಿಸಿದೆ. ಬಲಗಣ್ಣು ಇನ್ನೂ ಮುಚ್ಚೇ ಇತ್ತು. "ಈಗ ಹೇಗಿದೆ?"

"ಅಳದಿ."

ಔಷಧಿ ಇಳಿಯಲಿ ಎಂದು ಸ್ವಲ್ಪ ಹೊತ್ತು ಕಾದೆ. ಆಮೇಲೆ ಬಲಗಣ್ಣು ತೆರೆಸಿ, ಎಡಗಣ್ಣನ್ನು ಅವರ ಅಂಗೈಯಿಂದಲೇ ಮುಚ್ಚಿಸಿದೆ. "ಈಗ?"

ಅವರು ನೋಡಿದರು. ಕೈ ಬದಲಾಯಿಸಿ ಇನ್ನೊಂದು ಕಣ್ಣಲ್ಲಿ ನೋಡಿದರು. ಮತ್ತೆ ಬದಲಾಯಿಸಿದರು. ಆಮೇಲೆ ಪಂಚೆಯನ್ನು ಹಾಗೇ ನೋಡಿದರು, ಎದ್ದು ಹೋಗಿ ಗೋಡೆಯ ಬಿಳಿ ಪ್ರೈಮರನ್ನು ನೋಡಿದರು, ಹೆಂಡತಿಯ ಮುಖವನ್ನು ನೋಡಿದರು. "ಇದ್ರಾಗೆ ಅಳದಿ, ಇದ್ರಾಗೆ ನೀಲಿ," ಎಂದರು.

ನಾನು ನಾಗೇಶನನ್ನು ಕರೆದೆ. ಪೊರೆ ಬಂದ ಕಣ್ಣು ಹಳೆಯ ಹಳದಿ ಗಾಜಿನ ಮೂಲಕ ನೋಡಿದ ಹಾಗೆ, ನೀಲಿಯನ್ನು ತಡೆದುಬಿಡುತ್ತದೆ, ಪೊರೆ ತೆಗೆದ ಕಣ್ಣಿಗೆ ಅದೇ ನೀಲಿ ಒಮ್ಮೆಗೇ ನುಗ್ಗುತ್ತದೆ ಎಂದು ಹೇಳಿದೆ. "ನಿಮ್ಮಪ್ಪ ಎರಡು ಸಲವೂ ಕಂಡದ್ದನ್ನೇ ಹೇಳಿದ್ದಾರೆ, ಸರ್. ತಪ್ಪು ನಂದು. ಒಂದೇ ಚಿತ್ರಕ್ಕೆ ಎರಡು ಹೆಸರು ಇಟ್ಟು ಕಳಿಸಿದ್ದು ಮೋಸ. ಕೋಪದಲ್ಲಿ ಮಾಡಿದೆ. ನಿಮಗೆ ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು." ಇದನ್ನು ಹೇಳುವಾಗ ಲಕ್ಕಣ್ಣನವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ನಾಗೇಶ್ ನಂಬಲಿಲ್ಲ. ಪಕ್ಕಕ್ಕೆ ಹೋಗಿ ಕಣ್ಣಾಸ್ಪತ್ರೆಗೆ ಫೋನ್ ಮಾಡಿದ. ಸ್ಪೀಕರಿನಲ್ಲಿ ಸಿಸ್ಟರ್ ದನಿ ನಮಗೂ ಕೇಳಿಸಿತು. "ಒಂದು ಕಣ್ಣು ಮಾಡಿಸ್ಕೊಂಡು ಇನ್ನೊಂದು ಬಾಕಿ ಇದ್ರೆ ಹಾಗನ್ಸುತ್ತೆ ಸರ್. ತುಂಬಾ ಜನ ಹೇಳ್ತಾರೆ. ಗಾಬರಿ ಬೇಡ, ಮುಂದಿನ ಚೆಕಪ್‌ಗೆ ಬಂದಾಗ ಡಾಕ್ಟರ್‌ಗೂ ಹೇಳಿ."

ಲಕ್ಕಣ್ಣನವರು ಕುರ್ಚಿಗೆ ಒರಗಿ ದೊಡ್ಡದಾಗಿ ಉಸಿರು ಬಿಟ್ಟರು. ಮೂರು ವಾರದಿಂದ ಹಿಡಿದಿಟ್ಟ ಉಸಿರು ಅದು. ಗಂಗರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಇಷ್ಟು ದಿನ ನಾ ಪಂಚೆ ಒಗ್ಯಾದು ಸರಿಯಾಗೇ ಇತ್ತು ಅನ್ನಿ," ಎಂದರು.

ನಾಗೇಶನ ಬಿಗಿ ಮಾತ್ರ ಪೂರ್ತಿ ಸಡಿಲವಾಗಲಿಲ್ಲ. "ಆಯ್ತು, ಕಣ್ಣಿಂದ ಪ್ರಾಬ್ಲಮ್. ಆದ್ರೆ ಸೋಮವಾರ ಗೋಡೆ ಕೊರೀಬೇಕು. ಒಂದು ಕಣ್ಣಲ್ಲಿ ಹಳದಿ, ಒಂದು ಕಣ್ಣಲ್ಲಿ ನೀಲಿ ಅಂದ್ರೆ ಲೈಟಿಂಗ್ ಅಪ್ಪ ಹೇಗೆ ಡಿಸೈಡ್ ಮಾಡ್ತಾರೆ? ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಷ್ಟೇ."

ಆ ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ಸಂಜೆಯವರೆಗೆ ಟೈಮ್ ಕೇಳಿದೆ.

ಲಾಲ್ ಸಾಬ್ ಅದುವರೆಗೂ ಬಾಯಿ ಬಿಟ್ಟಿರಲಿಲ್ಲ. ಈಗ ಚಾಕ್‌ಪೀಸ್ ಜೇಬಿಗೆ ಹಾಕಿಕೊಂಡು ಲಕ್ಕಣ್ಣನವರನ್ನು ಕೇಳಿದರು. "ಅಣ್ಣಾ, ದೀಪ ಎಲ್ಲಿ ಬೇಕು ಅಂತಿದ್ರಿ?" ಲಕ್ಕಣ್ಣನವರು ತಮ್ಮ ಬಲಗಡೆ ಕೈ ತೋರಿಸಿದರು. ಲಾಲ್ ಸಾಬ್ ತಮ್ಮ ಸಾಮಾನಿನ ಚೀಲದಿಂದ ವೈರು, ಹೋಲ್ಡರು, ಹಳದಿ ಬಲ್ಬು ತೆಗೆದು, ಒಂದು ಬಿದಿರಿಗೆ ಕಟ್ಟಿ, ಸರಿಯಾಗಿ ಅಲ್ಲಿ ನಿಲ್ಲಿಸಿ ಹಚ್ಚಿದರು.

ಐದು ಗಂಟೆಯ ಬೆಳಕಿನಲ್ಲಿ ಆ ಬಲ್ಬು ಉರಿಯುವುದೂ ಒಂದೇ, ಉರಿಯದಿರುವುದೂ ಒಂದೇ. ಕಿಟಕಿಯ ಹಗಲು ಅದನ್ನು ನುಂಗಿ ಹಾಕಿತ್ತು. ನಾವು ಕಾದೆವು. ಗಂಗರತ್ನಮ್ಮ ಚಕ್ಕುಲಿ ಡಬ್ಬಿ ತೆರೆದರು. ಎದುರು ಅಪಾರ್ಟ್‌ಮೆಂಟಿನ ನೆತ್ತಿಯಿಂದ ಬಿಸಿಲು ಜಾರಿ ಸೂರ್ಯ ಮುಳುಗಿದ ಮೇಲೆ ಆಕಾಶ ತಿಳಿಯಾಗಿ ನೀಲಿಗೆ ತಿರುಗಿತು. ಕಿಟಕಿಯಿಂದ ಒಂದು ತಣ್ಣನೆಯ ಮೆದು ಬೆಳಕು ನೆಲದ ಮೇಲೆ ಹರಿದು ಹಾಲ್‌ನ ನಡುವಿನವರೆಗೆ ಬಂತು. ಬಲ್ಬಿನ ಸುತ್ತ ಅಷ್ಟು ಹೊತ್ತು ಇಲ್ಲದ ಒಂದು ಹಳದಿ ಮಡು ಎದ್ದು, ಲಕ್ಕಣ್ಣನವರ ಹೆಗಲ ಮೇಲೆ, ಹಿಂದಿನ ಗೋಡೆಯ ಮೇಲೆ ಒಂದು ಮಾರು ಹರಡಿ ನಿಂತಿತು. ಇದು ಅದನ್ನು ನುಂಗಲಿಲ್ಲ, ಅದು ಇದನ್ನು ನುಂಗಲಿಲ್ಲ.

"ಇದೇ ವತ್ತು," ಎಂದರು ಲಕ್ಕಣ್ಣನವರು. "ಕತ್ತಲಾದ್ಮೇಲೆ ದೀಪ ಅಚ್ಬಾರ್ದು ಅಂತಿದ್ಲು ನಮ್ಮವ್ವ. ಬೆಳಕು ಇನ್ನೂ ಮನೆಯೊಳಗಿರುವಾಗ್ಲೇ ಅಚ್ಬೇಕು. ಓಗೋ ಬೆಳಕನ್ನ ಬರೋ ಬೆಳಕು ನೋಡ್ಬೇಕು ಅನ್ನೋಳು."

ಹತ್ತು ದಿನದ ಹಿಂದೆ ಅವರು ಹೇಳಿದ್ದು ಇದನ್ನೇ. ನಾನು ದೀಪ ಬರೆದುಕೊಂಡೆ, ಕಿಟಕಿ ಬಿಟ್ಟೆ. ಸಮ ಮಾಡುವುದು ಎಂದರೆ ಕಲಸುವುದು ಅಂದುಕೊಂಡೆ. ಕಲಸಿ ಕೆನೆಬಣ್ಣವಾದ ಚಿತ್ರ ಯಾವ ಕಣ್ಣಿಗೆ ಬೀಳುತ್ತದೋ ಆ ಕಣ್ಣಿನ ಬಣ್ಣವೇ ಆಗಿಬಿಡುತ್ತದೆ, ಹೋಲಿಸಿ ನೋಡಲು ಅದರಲ್ಲಿ ಇನ್ನೊಂದು ಬೆಳಕೇ ಇರುವುದಿಲ್ಲ. ಎರಡೂ ಬೆಳಕು ತಮ್ಮ ತಮ್ಮ ಜಾಗದಲ್ಲಿದ್ದರೆ, ಯಾವ ಕಣ್ಣಲ್ಲಿ ನೋಡಿದರೂ ಅವುಗಳ ನಡುವಿನ ಅಂತರ ಉಳಿಯುತ್ತದೆ. ನಾಗೇಶನ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯ ಪ್ರಾಂಪ್ಟನ್ನು ಅಳಿಸಿದೆ. ಆಪ್ತ, ಹೊಂಬಣ್ಣ, ಬೆಚ್ಚಗೆ ಎಂಬ ಪದಗಳನ್ನು ಒಂದೂ ಬಿಡದೆ ತೆಗೆದೆ. ಕಣ್ಣೆದುರು ಕಂಡದ್ದನ್ನು ಕಂಡ ಹಾಗೆ ಬರೆದೆ. ಸೂರ್ಯ ಮುಳುಗಿ ಹದಿನೈದು ನಿಮಿಷ. ಎಡಕ್ಕೆ ಉತ್ತರದ ದೊಡ್ಡ ಕಿಟಕಿ, ಬಿಸಿಲಿಲ್ಲ, ತಿಳಿ ಆಕಾಶದ ತಣ್ಣನೆಯ ಮೆದು ಬೆಳಕು, ನೆಲದ ಮೇಲೆ ಬಿದ್ದು ಕೋಣೆಯ ನಡುವಿಗೆ ಬರುತ್ತ ಕ್ಷೀಣಿಸುತ್ತದೆ. ಬಲಕ್ಕೆ ಆರಾಮ ಕುರ್ಚಿಯ ಪಕ್ಕ ಒಂದೇ ಒಂದು ಹಳದಿ ದೀಪ, ಅದರ ಬೆಳಕು ಕುರ್ಚಿಯನ್ನೂ ಹಿಂದಿನ ಗೋಡೆಯ ಸ್ವಲ್ಪ ಭಾಗವನ್ನೂ ಬಿಟ್ಟು ಆಚೆ ಹೋಗುವುದಿಲ್ಲ. ಎರಡರ ಪ್ರಖರತೆ ಹತ್ತಿರ ಹತ್ತಿರ. ಚಾವಣಿಯಲ್ಲಿ ದೀಪವಿಲ್ಲ, ಹಳದಿ ಛಾಯೆಯೂ ಇಲ್ಲ. ಗೋಡೆ ಅಚ್ಚ ಬಿಳಿ, ಎರಡೂ ಬೆಳಕು ಅದರ ಮೇಲೆ ಕಾಣಬೇಕು. ಕ್ಯಾಮೆರಾ ಯಾವುದನ್ನು ಬಿಳಿ ಎಂದು ಎಣಿಸುತ್ತದೋ ಆ ಅಳತೆ ಎರಡರ ನಡುವೆ ಇರಲಿ, ಕಿಟಕಿ ತುಸು ನೀಲಿಯಾಗಿಯೇ ಉಳಿಯಲಿ, ದೀಪ ತುಸು ಹಳದಿಯಾಗಿಯೇ ಉಳಿಯಲಿ.

ಮೊದಲ ಸಲ ಯಂತ್ರ ತನ್ನ ಹಳೆಯ ಚಾಳಿ ಬಿಡಲಿಲ್ಲ. ಕಿಟಕಿಯ ಪಕ್ಕ ಕೇಳದೇ ಇನ್ನೊಂದು ದೀಪ ಇಟ್ಟಿತ್ತು, ನೆಲದ ಮೇಲೆ ಹಳದಿ ಹರಿದಿತ್ತು. ನಾನು ಬಯ್ದೆ. "ಬೈಬ್ಯಾಡ, ಅದ್ಕೂ ಒಂದು ಕಣ್ಣಾಗೆ ಪೊರೆ ಇರ್ಬೋದು," ಎಂದರು ಲಕ್ಕಣ್ಣನವರು. ಎಲ್ಲರೂ ನಕ್ಕೆವು, ನಾಗೇಶನೂ. ಕಿಟಕಿಯ ಬಳಿ ಯಾವ ದೀಪವೂ ಇಲ್ಲ ಎಂದು ಒಂದು ಸಾಲು ಸೇರಿಸಿ ಮತ್ತೆ ಕೊಟ್ಟೆ.

ಎರಡನೇ ಚಿತ್ರ ಬಂತು. ನಾನು ಲ್ಯಾಪ್‌ಟಾಪನ್ನು ಲಕ್ಕಣ್ಣನವರ ಮುಂದಿಟ್ಟೆ.

ಅವರು ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಆಮೇಲೆ ಎರಡನ್ನೂ ತೆರೆದು, ಚಿತ್ರವನ್ನೊಮ್ಮೆ, ಎದುರಿನ ನಿಜವಾದ ಕಿಟಕಿಯನ್ನೊಮ್ಮೆ, ಬಿದಿರಿಗೆ ಕಟ್ಟಿದ ಬಲ್ಬನ್ನೊಮ್ಮೆ ನೋಡಿದರು.

"ಈ ಕಣ್ಣಾಗೆ ನೋಡಿದ್ರೆ ಎಲ್ಲ ಒಸಿ ಅಳದಿ. ಆದ್ರೂ ಕಿಟಕಿ ದೀಪಕ್ಕಿಂತ ತಣ್ಣಗೈತೆ. ಈ ಕಣ್ಣಾಗೆ ಎಲ್ಲ ಒಸಿ ನೀಲಿ. ಆದ್ರೂ ದೀಪ ಬೆಚ್ಚಗೇ ಐತೆ," ಎಂದರು. "ಇದು ನನ್ ಆಲು."

ಅವರು ಮಗನ ಕಡೆ ತಿರುಗಿದರು. "ನಾಗೇಶ, ಮೇಲ್ಗಡೆ ಎಲ್ಲ ನಿನ್ನಿಷ್ಟ. ಇಲ್ಲಿ ಸೀಲಿಂಗ್ ಬ್ಯಾಡ. ಈ ದೀಪ ಇಲ್ಲೇ. ನಾನು ತಲೆ ನೆಟ್ಟಗಿಟ್ಕಂಡೇ ಏಳ್ತಿವ್ನಿ."

ನಾಗೇಶ್ ಉತ್ತರ ಕೊಡುವ ಮೊದಲು ಅಪ್ಪನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಅಪ್ಪನ ಕಣ್ಣಿನ ಎತ್ತರಕ್ಕೆ ಬಂದು ಕಿಟಕಿಯನ್ನು ನೋಡಿದ. ಅದು ಅವನಿಗೆ ಹೇಗೆ ಕಂಡಿತೋ ಗೊತ್ತಿಲ್ಲ. "ಲಾಲ್ ಸಾಬ್, ಅಪ್ಪ ಹೇಳ್ದಲ್ಲಿ ಗುರುತು ಹಾಕಿ," ಎಂದ. ಲಾಲ್ ಸಾಬ್ ಚಾಕ್‌ಪೀಸ್ ತೆಗೆದು ಬಿದಿರಿನ ಬುಡದ ಹತ್ತಿರ ಗೋಡೆಗೆ ಗುಂಡಗೆ ಒಂದು ಗೆರೆ ಎಳೆದರು.

ಆಮೇಲೆ ನಾಗೇಶ್ ಟ್ಯಾಬ್ ತೆಗೆದ. ಮುಖ ಸಣ್ಣಗಾಗಿತ್ತು. "ಸಾರಿ ಅಪ್ಪ. ಆ ಎರಡು ಫೋಟೊ ಡಿಲೀಟ್ ಮಾಡ್ತೀನಿ." ನಾನೂ ಹಾಗೇ ಅನ್ನುವವಳಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲೂ ಐದು, ಆರು ಎಂದು ಅವೆರಡು ಕೂತಿದ್ದವು.

ಲಕ್ಕಣ್ಣನವರು ಮಗನ ಕೈ ತಡೆದರು. ನನ್ನ ಕಡೆಯೂ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

"ಬ್ಯಾಡ, ಇಟ್ಕೊ. ಇನ್ನ ಮೂವತ್ತು ವರ್ಸಕ್ಕೆ ನೀನೂ ಇದೇ ಕುರ್ಚಿನಾಗೆ ಕೂತಿರ್ತೀಯ. ನೀನು ಬೆಳಿಗ್ಗೆ ಒಂದು, ಮದ್ಯಾನ ಒಂದು ಏಳ್ದಾಗ ನಿನ್ ಮಗ ನಿನ್ನ ನಂಬ್ದೆ ಓದ್ರೆ, ಅವ್ನಿಗೆ ಇವೆರಡನ್ನೂ ತೋರ್ಸು."

ನಾಗೇಶ್ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಅಪ್ಪನ ಪಕ್ಕದಲ್ಲೇ ನೆಲದ ಮೇಲೆ ಕೂತ. ಗಂಗರತ್ನಮ್ಮ ಚಕ್ಕುಲಿ ಡಬ್ಬಿಯನ್ನು ಅವನ ಕಡೆ ಸರಿಸಿದರು. ಕಿಟಕಿ ಕಪ್ಪಾಗುವವರೆಗೂ ಯಾರೂ ಏಳಲಿಲ್ಲ.